ಸಂಕಟಕ್ಕೆ ಹೆಸರು ಸಿಗದವರು

ಮಾನ್ಯ ಸಂಪಾದಕರೇ, ನನ್ನ ಪತಿಗೆ 46 ವರ್ಷ. ಮಾವನವರು ತೀರಿಕೊಂಡು ಏಳು ತಿಂಗಳಾಯಿತು. ಅಂದು ಮನೆಯೆಲ್ಲ ಅಳುತ್ತಿದ್ದಾಗ ಇವರು ಶಾಮಿಯಾನದವರಿಗೂ ಪುರೋಹಿತರಿಗೂ ಫೋನ್ ಮಾಡುತ್ತಿದ್ದರು. ಒಂದು ಹನಿ ಕಣ್ಣೀರು ಬರಲಿಲ್ಲ. ಈಗ ದಿನಾ ಬೆಳಿಗ್ಗೆ ಮಾವನವರ ಹಳೆಯ ಗೋಡೆ ಗಡಿಯಾರಕ್ಕೆ ಕೀಲಿ ಕೊಡುತ್ತಾರೆ, ಅಷ್ಟೇ. ಮನಸ್ಸಿಗೆ ಹೇಗಿದೆ ಎಂದು ಕೇಳಿದರೆ "ಏನೂ ಇಲ್ಲ, ಹೊಟ್ಟೆಯಲ್ಲಿ ಸ್ವಲ್ಪ ಸಂಕಟ" ಎನ್ನುತ್ತಾರೆ. ಎಂಡೋಸ್ಕೋಪಿ ಮಾಡಿಸಿದೆವು, ಏನೂ ಸಿಗಲಿಲ್ಲ. ಮನಃಶಾಸ್ತ್ರ ಓದುತ್ತಿರುವ ಮಗಳು ಇದಕ್ಕೆ ಅಲೆಕ್ಸಿಥೈಮಿಯಾ ಎನ್ನುತ್ತಾಳೆ. ಕಲ್ಲುಮನಸ್ಸಿಗೆ ಡಾಕ್ಟರುಗಳು ಇಟ್ಟ ಚಂದದ ಹೆಸರಲ್ಲವೇ ಇದು?
— ಹೆಸರು ಬೇಡ, ಶಿವಮೊಗ್ಗ

ಪ್ರಿಯ ಸಹೋದರಿ,

ಮಾತಿಗೆ ಮರುಮಾತು ಬಾರದ ಮನುಷ್ಯನ ಜೊತೆ ಬದುಕುವುದು ಸುಲಭವಲ್ಲ. ಹೇಳಿಕೊಳ್ಳದ ದುಃಖಕ್ಕೆ ಪಾಲುದಾರರಾಗಲು ಬರುವುದಿಲ್ಲ ಎಂಬ ನಿಮ್ಮ ಬೇಸರ ನ್ಯಾಯವಾದದ್ದೇ. ಆದರೆ ಕಲ್ಲುಮನಸ್ಸು ಎಂಬ ಮಾತನ್ನು ನೀವು ಹಿಂದೆ ತೆಗೆದುಕೊಳ್ಳಬೇಕು. ಆ ಮಾತಿಗೆ ವಿರುದ್ಧವಾದ ಸಾಕ್ಷಿಯನ್ನು ನಿಮ್ಮ ಪತ್ರವೇ ಕೊಟ್ಟಿದೆ. ತಂದೆ ಕೀಲಿ ಕೊಡುತ್ತಿದ್ದ ಗಡಿಯಾರ ನಿಲ್ಲದಂತೆ ದಿನವೂ ನೋಡಿಕೊಳ್ಳುವವರನ್ನು ಕುರಿತು "ಅಷ್ಟೇ" ಎಂದು ಬರೆದಿದ್ದೀರಿ. ಆ ಒಂದು ಪದವನ್ನು ಓದಿ ನನಗೆ ನೋವಾಯಿತು.

ನಿಮ್ಮ ಮಗಳು ಹೇಳಿದ ಪದವನ್ನು ರೂಢಿಗೆ ತಂದವರು ಅಮೆರಿಕದ ಬಾಸ್ಟನ್ನಿನಲ್ಲಿದ್ದ ಗ್ರೀಕ್ ಮೂಲದ ಮನೋವೈದ್ಯ ಪೀಟರ್ ಸಿಫ್ನಿಯೋಸ್, 1970ರ ದಶಕದ ಆರಂಭದಲ್ಲಿ. ಗ್ರೀಕಿನ "ಅ" ನಮ್ಮ ಅಶಾಂತಿ, ಅನ್ಯಾಯಗಳಲ್ಲಿರುವ "ಅ"ದಂತೆಯೇ ಇಲ್ಲ ಎಂಬುದನ್ನು ಸೂಚಿಸುತ್ತದೆ. "ಲೆಕ್ಸಿಸ್" ಎಂದರೆ ಪದ, "ಥೈಮೋಸ್" ಎಂದರೆ ಭಾವ. ಹಾಗಾಗಿ ಭಾವಕ್ಕೆ ಪದವಿಲ್ಲದಿರುವುದು ಎಂದಾಯಿತೇ ಹೊರತು ಭಾವವೇ ಇಲ್ಲದಿರುವುದು ಎಂದಾಗಲಿಲ್ಲ. ಸಿಫ್ನಿಯೋಸ್ ಮತ್ತು ಅವರ ಸಹೋದ್ಯೋಗಿ ಜಾನ್ ನೆಮಾಯ ನೋಡುತ್ತಿದ್ದದ್ದು ಮನಸ್ಸಿನ ಒತ್ತಡ ದೇಹದ ಕಾಯಿಲೆಯಾಗಿ ಕಾಣಿಸಿಕೊಂಡಿದೆ ಎನ್ನಲಾಗುತ್ತಿದ್ದ ರೋಗಿಗಳನ್ನು. ನಿಮಗೆ ಏನನ್ನಿಸಿತು ಎಂದು ಕೇಳಿದರೆ ಅವರಲ್ಲಿ ಅನೇಕರು ನೋವು ಎಲ್ಲಿದೆ, ಎಷ್ಟು ಹೊತ್ತಿಗೆ ಶುರುವಾಯಿತು, ಆ ದಿನ ಏನೇನು ನಡೆಯಿತು ಎಂಬುದನ್ನು ಚಾಚೂ ತಪ್ಪದೆ ಹೇಳುತ್ತಿದ್ದರು. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರುತ್ತಿರಲಿಲ್ಲ. ಅವರು ಮುಚ್ಚಿಡುತ್ತಿಲ್ಲ, ಅವರಿಗೆ ನಿಜಕ್ಕೂ ತಿಳಿಯುತ್ತಿಲ್ಲ ಎಂಬುದನ್ನು ಗುರುತಿಸಿದ್ದೇ ಈ ವೈದ್ಯರ ದೊಡ್ಡ ಕಾಣಿಕೆ.

ಇದು ಕಾಯಿಲೆಯಲ್ಲ, ಸ್ವಭಾವದ ಒಂದು ಲಕ್ಷಣ. ಮನೋರೋಗಗಳ ಅಧಿಕೃತ ಪಟ್ಟಿಗಳಲ್ಲಿ ಇದಕ್ಕೆ ಪ್ರತ್ಯೇಕ ಜಾಗವಿಲ್ಲ. ಅಳೆಯಲು ಬಳಸುವುದು ಹೆಚ್ಚಾಗಿ ಟೊರಾಂಟೋದ ಸಂಶೋಧಕರು 1994ರಲ್ಲಿ ಪ್ರಕಟಿಸಿದ 20 ಹೇಳಿಕೆಗಳ ಪ್ರಶ್ನಾವಳಿಯನ್ನು. ತನಗೆ ಆಗುತ್ತಿರುವುದು ಯಾವ ಭಾವ ಎಂದು ಗುರುತಿಸುವ ಕಷ್ಟ, ಗುರುತಿಸಿದ್ದನ್ನು ಇನ್ನೊಬ್ಬರಿಗೆ ಹೇಳುವ ಕಷ್ಟ, ಗಮನವೆಲ್ಲ ಒಳಗಿಗಿಂತ ಹೊರಗಿನ ಸಂಗತಿಗಳ ಕಡೆಗೇ ಹರಿಯುವ ರೀತಿ, ಈ ಮೂರನ್ನು ಅದು ನೋಡುತ್ತದೆ. ನೂರಕ್ಕೆ 61 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಈ ಲಕ್ಷಣ ಗಾಢವಾಗಿದೆ ಎಂದು ಲೆಕ್ಕ. ಫಿನ್‌ಲೆಂಡಿನ ಒಂದು ಸಮೀಕ್ಷೆಯಲ್ಲಿ ಗಂಡಸರಲ್ಲಿ ಶೇ 17, ಹೆಂಗಸರಲ್ಲಿ ಶೇ 10 ಮಂದಿ ಈ ಗೆರೆಯ ಮೇಲಿದ್ದರು. ಆ ಪ್ರಶ್ನಾವಳಿಗೂ ಒಂದು ಮಿತಿಯಿದೆ. ತನ್ನ ಭಾವ ತನಗೇ ತಿಳಿಯದವನನ್ನು ಅವನ ಭಾವದ ಬಗ್ಗೆಯೇ ಅದು ಪ್ರಶ್ನಿಸುತ್ತದೆ. ಆದ್ದರಿಂದ ಬಲ್ಲ ವೈದ್ಯರು ಅಂಕವೊಂದನ್ನೇ ನಂಬದೆ ಮನೆಯವರನ್ನೂ ಮಾತನಾಡಿಸುತ್ತಾರೆ.

ನನ್ನ ಸೋದರಮಾವನ ಕಥೆಯನ್ನು ಹೇಳಿದರೆ ಇದು ನಿಮಗೆ ಇನ್ನೂ ಹತ್ತಿರದಿಂದ ಕಂಡೀತು. ಅತ್ತೆ ತೀರಿಕೊಂಡ ದಿನ ಅವರೂ ಅಳಲಿಲ್ಲ. ಮೂರನೆಯ ದಿನ ಬಾವಿಯ ರಾಟೆಗೆ ಎಣ್ಣೆ ಹಾಕುತ್ತಾ ಕೂತಿದ್ದನ್ನು ಕಂಡು ಬಂಧುಗಳು ಬಾಯಿಗೆ ಬಂದಂತೆ ಆಡಿಕೊಂಡರು. ತಿಂಗಳು ಕಳೆದ ಮೇಲೆ ಅವರಿಗೆ ಎದೆಯಲ್ಲಿ ಬಿಗಿತ ಶುರುವಾಯಿತು. ಇಸಿಜಿ ತೆಗೆಸಿದರು, ಎಕೋ ಮಾಡಿಸಿದರು, ಟ್ರೆಡ್‌ಮಿಲ್ ಮೇಲೆ ನಡೆಸಿದರು. ಎಲ್ಲವೂ ಸರಿಯಿತ್ತು. ದೊಡ್ಡ ಆಸ್ಪತ್ರೆಯೊಂದರಲ್ಲಿ ನಿಮಗೇನೂ ಆಗಿಲ್ಲ ಎಂದು ಹೇಳಿ ಕಳುಹಿಸಿದರು. ಕೊನೆಗೆ ಊರಿನ ವಯಸ್ಸಾದ ಡಾಕ್ಟರೊಬ್ಬರು ಬೇರೆಯೇ ಪ್ರಶ್ನೆ ಕೇಳಿದರು: "ರಾಯರೇ, ಬಿಗಿತ ಬರುವುದು ಎಷ್ಟು ಹೊತ್ತಿಗೆ?" ಮಾವ ತಡವರಿಸದೆ "ಸಂಜೆ ಐದೂವರೆಗೆ" ಎಂದರು. "ಮೊದಲು ಆ ಹೊತ್ತಿಗೆ ಮನೆಯಲ್ಲಿ ಏನು ನಡೆಯುತ್ತಿತ್ತು?" ಮಾವ ಬಹಳ ಹೊತ್ತು ಸುಮ್ಮನಿದ್ದು "ಅವಳು ಕಾಫಿ ತರುತ್ತಿದ್ದಳು" ಎಂದರು. ಜೊತೆಗೆ ಹೋಗಿದ್ದ ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಬೆರಳುಗಳು ಪಂಚೆಯ ಅಂಚನ್ನು ಹಿಡಿದು ಮಡಿಸುತ್ತಿದ್ದವು, ಬಿಚ್ಚುತ್ತಿದ್ದವು, ಮತ್ತೆ ಮಡಿಸುತ್ತಿದ್ದವು. ಆಗಲೂ ಅವರ ಬಾಯಲ್ಲಿ ದುಃಖ ಎಂಬ ಪದ ಬರಲಿಲ್ಲ. "ಹಾಗಾದರೆ ಇದು ಅದೇ ಏನು?" ಎಂದು ಡಾಕ್ಟರನ್ನೇ ಕೇಳಿದರು.

ಆ ಪ್ರಶ್ನೆಯಲ್ಲಿ ಇಡೀ ವಿಷಯ ಅಡಗಿದೆ. ಭಾವವೆಂದರೆ ಮೊದಲು ಮೈಯಲ್ಲಿ ಏಳುವ ಬದಲಾವಣೆ: ಎದೆ ಬಡಿತ, ಗಂಟಲ ಬಿಗಿತ, ಹೊಟ್ಟೆಯ ಸಂಕಟ. ಅದನ್ನು ನಡೆದ ಸಂಗತಿಯೊಂದಿಗೆ ಜೋಡಿಸಿ ಇದು ದುಃಖ, ಇದು ಭಯ ಎಂದು ಬೇರ್ಪಡಿಸುವುದು ಇನ್ನೊಂದು ಕೆಲಸ. ನಮ್ಮಲ್ಲಿ ಬಹುಪಾಲು ಜನರಿಗೆ ಎರಡೂ ಒಟ್ಟಿಗೇ ಆಗಿಬಿಡುವುದರಿಂದ ನಡುವೆ ಒಂದು ಹೆಜ್ಜೆಯಿದೆ ಎಂಬುದೇ ಗೊತ್ತಾಗುವುದಿಲ್ಲ. ನನ್ನ ಮಾವನಂಥವರಿಗೆ ಮೊದಲನೆಯದು ಆಗುತ್ತದೆ, ಎರಡನೆಯದು ಕೈಗೆ ಸಿಗುವುದಿಲ್ಲ. ಕನ್ನಡವನ್ನೇ ನೋಡಿ. ಸಂಕಟ ಎಂಬ ಒಂದೇ ಪದವನ್ನು ನಾವು ಹೊಟ್ಟೆಗೂ ಬಳಸುತ್ತೇವೆ, ಮನಸ್ಸಿಗೂ ಬಳಸುತ್ತೇವೆ. ಕರುಳು ಚುರ್ ಎಂದಿತು, ಎದೆ ಧಸಕ್ಕೆಂದಿತು ಎನ್ನುವ ನಮ್ಮ ಅಜ್ಜಿಯರಿಗೆ ಅಲೆಕ್ಸಿಥೈಮಿಯಾ ಇರಲಿಲ್ಲ. ದೇಹದ ಮಾತಿನಲ್ಲಿ ಅವರು ಮನಸ್ಸನ್ನೇ ಹೇಳುತ್ತಿದ್ದರು, ಕೇಳುವವರಿಗೂ ಅದು ತಿಳಿಯುತ್ತಿತ್ತು. ನಿಮ್ಮ ಪತಿ ಸಂಕಟ ಎಂದಾಗ ಅವರಿಗೆ ಹೊಟ್ಟೆ ಮಾತ್ರ ಕಾಣುತ್ತಿರಬಹುದು. ಅವರು ಪದವನ್ನು ಸರಿಯಾಗಿಯೇ ಆಡಿದ್ದಾರೆ, ಅದರ ಅರ್ಧ ಅರ್ಥ ಮಾತ್ರ ಅವರಿಗೆ ದಕ್ಕಿದೆ.

ನಿಜವಾದ ಕಲ್ಲುಮನಸ್ಸು ಬೇರೆ. ಅದನ್ನೂ ನಾನು ಕಂಡಿದ್ದೇನೆ. ಪರಿಚಯದ ಮನೆಯೊಂದರ ಶ್ರದ್ಧಾಂಜಲಿ ಸಭೆಯಲ್ಲಿ ಬಂಧುವೊಬ್ಬರು ಸಭೆಯೇ ಕಣ್ಣೊರೆಸಿಕೊಳ್ಳುವಂತೆ ಮಾತನಾಡಿದರು. ಎರಡು ತಿಂಗಳೊಳಗೆ ಅದೇ ವ್ಯಕ್ತಿ ವಿಧವೆಯ ಭಯ ಯಾವುದು ಎಂಬುದನ್ನು ಚೆನ್ನಾಗಿ ಅರಿತು, ಆ ಭಯವನ್ನೇ ಒತ್ತಿ ಹಿಡಿದು, ಮನೆಯ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಎದುರಿನವರ ನೋವು ಸ್ಪಷ್ಟವಾಗಿ ಕಂಡರೂ ಅದು ಏನೂ ಅನ್ನಿಸದಿರುವುದು ಕಲ್ಲುತನ. ಅದಕ್ಕೆ ಪದಗಳ ಕೊರತೆ ಇರಲೇಬೇಕೆಂದಿಲ್ಲ. ಇನ್ನೊಂದು ಬಗೆಯವರಿಗೆ ನೋವು ಸ್ಪಷ್ಟವಾಗಿ ಕಾಣುವುದಿಲ್ಲ, ಆದರೆ ಇದೆ ಎಂದು ತಿಳಿಸಿಕೊಟ್ಟರೆ ಎದ್ದು ಕೆಲಸಕ್ಕೆ ನಿಲ್ಲುತ್ತಾರೆ. ನೀವು ಕಲ್ಲು ಎಂದಾಗ ನಿಮ್ಮ ಪತಿ ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ. ಕಲ್ಲಾದವನಿಗೆ ಆ ಮಾತು ತಾಗುವುದಿಲ್ಲ. ಈ ಬಗೆಯವರು ಗೊಂದಲಗೊಳ್ಳುತ್ತಾರೆ, ಎದ್ದು ಹೋಗುತ್ತಾರೆ, ಸ್ವಲ್ಪ ಹೊತ್ತಿನ ಮೇಲೆ ನಿಮ್ಮ ಸ್ಕೂಟರಿಗೆ ಗಾಳಿ ತುಂಬಿಸಿಕೊಂಡು ಬರುತ್ತಾರೆ.

ವಾದದ ಇನ್ನೊಂದು ಬದಿಗೂ ಒಂದಿಷ್ಟು ಸತ್ಯವಿದೆ, ಅದನ್ನು ಮುಚ್ಚಿಡಲಾರೆ. ತನ್ನ ಭಾವ ಗುರುತಿಸಲಾರದವರಿಗೆ ಇತರರ ಭಾವ ಗುರುತಿಸುವುದೂ ಅನೇಕ ವೇಳೆ ಕಷ್ಟ. ಲಂಡನ್ನಿನ ಸಂಶೋಧಕ ಜೆಫ್ರಿ ಬರ್ಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತ್ಮೀಯರಿಗೆ ನೋವಾಗುತ್ತಿದ್ದಾಗ ಈ ಲಕ್ಷಣ ಹೆಚ್ಚಿದ್ದವರ ಮಿದುಳಿನ ಇನ್ಸುಲಾ ಎಂಬ ಭಾಗದ ಸ್ಪಂದನ ಕಡಿಮೆಯಿತ್ತು. ಆಟಿಸಂ ಇದ್ದವರಲ್ಲೂ ಇಲ್ಲದವರಲ್ಲೂ ಹಾಗೆಯೇ ಕಂಡಿತು. ಆಟಿಸಂ ಇರುವವರಿಗೆ ಕರುಣೆಯಿಲ್ಲ ಎಂದು ಹೇಳಿಕೊಂಡು ಬಂದ ಮಾತಿಗೆ ಆ ಅಧ್ಯಯನ ದೊಡ್ಡ ಪೆಟ್ಟು ಕೊಟ್ಟಿತು. ಸ್ಪಂದನ ಮಂದವಾಗಿರುವುದು ಬೇರೆ, ಕಾಳಜಿ ಇಲ್ಲದಿರುವುದು ಬೇರೆ. ಮಂಜುಗಣ್ಣಿನವನು ಬಿದ್ದವರನ್ನು ಕಾಣದೆ ದಾಟಿಹೋದರೆ ಅವನನ್ನು ನಾವು ದುಷ್ಟನೆನ್ನುವುದಿಲ್ಲ.

ಆದರೆ ಸಾವಿನ ಮನೆಯಲ್ಲಿ ನಮ್ಮ ಸಮಾಜ ಎಷ್ಟು ನಿರ್ದಯಿ! ಯಾರು ಎಷ್ಟು ಅತ್ತರು ಎಂಬ ಲೆಕ್ಕ ಹನ್ನೊಂದನೆಯ ದಿನದ ಊಟಕ್ಕೆ ಮೊದಲೇ ಊರು ಸುತ್ತುತ್ತದೆ. ಗಂಡುಮಗು ಅತ್ತರೆ "ಹೆಣ್ಣಿನಂತೆ ಅಳಬೇಡ" ಎಂದು ಗದರಿಸುವ ಮನೆಗಳೇ ನಲವತ್ತು ವರ್ಷಗಳ ನಂತರ ಅವನ ಕಣ್ಣಲ್ಲಿ ನೀರಿಲ್ಲವೆಂದು ದೂರುತ್ತವೆ. ಹೆಣದ ಮುಂದೆ ಮೈಕು ಹಿಡಿದು "ನಿಮಗೆ ಹೇಗನ್ನಿಸುತ್ತಿದೆ" ಎಂದು ಕೇಳುವುದು ನನ್ನದೇ ವೃತ್ತಿಯವರು. ಉತ್ತರಿಸಲಾರದೆ ನಿಂತವರ ಮುಖವನ್ನು ಮತ್ತೆ ಮತ್ತೆ ತೋರಿಸುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವು ಮಾತು ಬಾರದವನ ಮೇಲೆ ಕೋಲಿನಂತೆ ಬೀಸುತ್ತಿದ್ದೇವೆ.

ನೀವು ಮೊದಲು ತಿಳಿದುಕೊಳ್ಳಬೇಕಾದ ಒಂದು ಸಂಗತಿಯಿದೆ. ನಿಮ್ಮ ಪತಿ ಮದುವೆಯಾದಾಗಿನಿಂದ ಹೀಗೆಯೇ ಇದ್ದಾರೆಯೇ, ಅಥವಾ ಈ ಏಳು ತಿಂಗಳಲ್ಲಿ ಹೀಗಾದರೇ? ಮೊದಲು ನಗುತ್ತ ಮಾತನಾಡುತ್ತಿದ್ದವರು ಈಗ ನಿದ್ದೆ, ಹಸಿವು, ಕೆಲಸದ ಆಸಕ್ತಿ ಕಳೆದುಕೊಂಡಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆಯಿದೆ, ತಡಮಾಡದೆ ಮನೋವೈದ್ಯರನ್ನು ಕಾಣಿ. ಮೊದಲಿನಿಂದಲೂ ಹೀಗೆಯೇ ಇದ್ದಾರೆ ಎಂದರೆ ನಿಮ್ಮ ಪ್ರಶ್ನೆಯನ್ನು ಬದಲಿಸಿ. ಒಳಗಿರುವುದನ್ನು ಕೆದಕಿ ಕೇಳುವ ಬಗೆಯ ಮನೋಚಿಕಿತ್ಸೆ ಇಂಥವರಿಗೆ ಒಗ್ಗುವುದಿಲ್ಲವೆಂದು ಸಿಫ್ನಿಯೋಸ್ ಅವರೇ ಎಚ್ಚರಿಸಿದ್ದರು. ಮನಸ್ಸಿಗೆ ಹೇಗಿದೆ ಎಂಬ ನಿಮ್ಮ ಪ್ರಶ್ನೆಯೂ ಅದೇ ಜಾತಿಯದು. ಸಂಕಟ ಹೊಟ್ಟೆಯ ಯಾವ ಕಡೆ, ಎಷ್ಟು ಹೊತ್ತಿಗೆ, ಅದಕ್ಕೆ ಅರ್ಧ ಗಂಟೆ ಮೊದಲು ಏನು ನಡೆದಿತ್ತು ಎಂದು ಕೇಳಿ. ಇವಕ್ಕೆ ಅವರು ಉತ್ತರಿಸಬಲ್ಲರು. ಎರಡು ವಾರ ಒಂದು ನೋಟುಪುಸ್ತಕದಲ್ಲಿ ಅವರೇ ಬರೆದಿಡಲಿ, ನೀವು ಓದಿ ಅರ್ಥ ಹೇಳಲು ಹೋಗಬೇಡಿ. ಹೊತ್ತುಗಳು ಒಂದಕ್ಕೊಂದು ಕೂಡಿಬಂದಾಗ ಎರಡು ಮೂರು ಪದಗಳನ್ನು ಮುಂದಿಡಿ: "ಇದು ಬೇಸರವೋ, ಭಯವೋ, ಅಪ್ಪನ ನೆನಪೋ?" ಆರಿಸಿಕೊಳ್ಳುವುದು ಹುಡುಕುವುದಕ್ಕಿಂತ ಸುಲಭ. ಇಂಥ ಅಭ್ಯಾಸದಿಂದ ಕೆಲವರಲ್ಲಿ ಬದಲಾವಣೆ ಕಾಣುತ್ತದೆ, ಕೆಲವರಲ್ಲಿ ಅಷ್ಟಾಗಿ ಇಲ್ಲ. ಇದಕ್ಕೆಂದೇ ಮಾತ್ರೆಯೂ ಇಲ್ಲ.

ಎಂಡೋಸ್ಕೋಪಿಯಲ್ಲಿ ಏನೂ ಸಿಗಲಿಲ್ಲ ಎಂದ ಮಾತ್ರಕ್ಕೆ ಅವರ ನೋವು ಸುಳ್ಳೆಂದು ತಿಳಿಯಬೇಡಿ. ಹುಣ್ಣಿಲ್ಲದೆಯೂ ಹೊಟ್ಟೆ ನಿಜವಾಗಿ ನೋಯುತ್ತದೆ. ಮುಂದಿನ ಬಾರಿ ಡಾಕ್ಟರ ಬಳಿಗೆ ಹೋಗುವಾಗ ಆ ನೋಟುಪುಸ್ತಕ ಜೊತೆಗಿರಲಿ. ಬೆಳಿಗ್ಗೆ ಗಡಿಯಾರಕ್ಕೆ ಕೀಲಿ ಕೊಡುವ ಹೊತ್ತನ್ನೂ ಅದರಲ್ಲಿ ಗುರುತು ಹಾಕಿಸಿ.