ಹಳೇ ಹಾರ್ಮೋನಿಯಂ ಫೋಟೊ ನೋಡಿ ಕಂಪನಿ ಗುರುತಿಸುವುದು ಹೇಗೆ?

"ನಾನು ಹಿಂದೂಸ್ತಾನಿ ಕಲೀತಿದ್ದೀನಿ. ಹಳೇ ಹಾರ್ಮೋನಿಯಂ ಒಂದು ಮಾರಾಟಕ್ಕಿದೆ, ಫೋಟೊ ಹಾಕಿದ್ದೀನಿ. ಪಟ್ಟಿ ಮೇಲಿನ ಹೆಸರು ಅಳಿಸಿದೆ. ಮಾರುವವರು ಕೋಲ್ಕತ್ತದ್ದು ಅಂತಾರೆ. ಯಾವ ಕಂಪನಿಯದು ಹೇಳ್ತೀರಾ?"

ಕಂಪನಿ ಹೆಸರು ಬಿಟ್ಟುಬಿಡಿ. ಹಳೇ ಪೆಟ್ಟಿಗೆ ಕೊಳ್ಳುವವರು ದುಡ್ಡು ಕಳೆದುಕೊಳ್ಳುವುದೇ ಆ ಪಟ್ಟಿ ನಂಬಿ. ಅದು ಎರಡು ಸ್ಕ್ರೂಗಳಲ್ಲಿ ನಿಂತಿರುವ ತಗಡು, ಐದು ನಿಮಿಷದಲ್ಲಿ ಬದಲಾಗುತ್ತದೆ. ಎಲ್ಲೋ ಮಾಡಿಸಿದ ಪೆಟ್ಟಿಗೆಗೆ ತಮ್ಮ ಹೆಸರು ಹಾಕಿ ಮಾರುವ ಅಂಗಡಿಗಳೂ ಇವೆ. ನಿಮ್ಮ ಫೋಟೊವನ್ನೇ ದೊಡ್ಡದು ಮಾಡಿ ನೋಡಿ: ಪಟ್ಟಿಯ ಎಡಬಲಕ್ಕೆ ಒಂದೊಂದು ಖಾಲಿ ತೂತಿದೆ, ಸುತ್ತಲಿನ ಪಾಲಿಶ್ ಗಾಢವಾಗಿದೆ. ಅಲ್ಲಿ ಮೊದಲು ಇನ್ನೂ ಅಗಲದ ಪಟ್ಟಿ ಇತ್ತು.

ಪೆಟ್ಟಿಗೆಯ ಆಕಾರದಿಂದಲೂ ಊರು ಖಚಿತವಾಗುವುದಿಲ್ಲ. ಈ ಕೈ-ಹಾರ್ಮೋನಿಯಂ ರೂಪ 19ನೇ ಶತಮಾನದಲ್ಲಿ ಕೋಲ್ಕತ್ತದ ದ್ವಾರಕಾನಾಥ ಘೋಷ್ ಅವರ ದ್ವಾರ್ಕಿನ್ ಕಂಪನಿಯಿಂದ ಹೆಸರಾಯಿತು, ಆಮೇಲೆ ದೆಹಲಿ, ಮುಂಬೈ ಎಲ್ಲ ಕಡೆ ಅದೇ ಮಾದರಿ ಹಬ್ಬಿತು. ಒಳಗಿನ ರೀಡ್ ಬೇರೆ ಊರಿನದೂ ಆಗಿರಬಹುದು. ಗುಜರಾತಿನ ಪಾಲಿತಾಣಾದಲ್ಲಿ ಮಾಡಿದ ರೀಡುಗಳು ಎಷ್ಟೋ ತಯಾರಕರ ಪೆಟ್ಟಿಗೆಗಳಲ್ಲಿ ಕೂತಿವೆ. ದನಿ ಬರುವುದು ರೀಡಿನಿಂದ, ಆದ್ದರಿಂದ ಕೇಳಬೇಕಾದ್ದು ಅದರ ಫೋಟೊ.

ಮೇಲಿನ ಮುಚ್ಚಳ ತೆಗೆಸಿ, ರೀಡ್ ಹಲಗೆಯನ್ನು ಹಗಲು ಬೆಳಕಿನಲ್ಲಿ ಹತ್ತಿರದಿಂದ ತೆಗೆದ ಚಿತ್ರ ಕೇಳಿ. ಪ್ರತಿ ಹಿತ್ತಾಳೆ ತುಂಡಿನ ಮೇಲೆ ಒತ್ತಿರುವ C, D ಥರದ ಅಕ್ಷರ ಸ್ವರದ ಗುರುತು, ಅದನ್ನು ಕಂಪನಿ ಮುದ್ರೆ ಅಂದುಕೊಳ್ಳಬೇಡಿ. ಸಾಲೆಲ್ಲ ಒಂದೇ ಬಣ್ಣ, ಒಂದೇ ಥರದ ಸ್ಕ್ರೂ ಇದ್ದರೆ ಮೂಲ ಜೋಡಣೆ ಎನ್ನಬಹುದು. ನಡುವೆ ನಾಲ್ಕಾರು ಹೊಸದಾಗಿ ಹೊಳೆಯುತ್ತಿದ್ದರೆ ಅವು ಬದಲಾದವು. ಆಮೇಲೆ ರೀಡಿನ ನಾಲಿಗೆ, ಅಂದರೆ ಗಾಳಿಗೆ ಅದುರುವ ತೆಳು ತಗಡನ್ನು ನೋಡಿ. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ, ಶ್ರುತಿ ಕೂಡಿಸುವುದೇ ಹಾಗೆ. ನವಿರು ಗೀರುಗಳು ಸಹಜ. ಒಂದೇ ನಾಲಿಗೆಯ ಎರಡೂ ಕಡೆ ಆಳವಾಗಿ ಕೆರೆದಿದ್ದರೆ ಪದೇಪದೇ ತಿದ್ದಿದ್ದಾರೆ, ತಗಡು ತೆಳುವಾಗಿದೆ. ಅಂಥದ್ದು ಶ್ರುತಿಯಲ್ಲಿ ನಿಲ್ಲುವುದಿಲ್ಲ, ಕೊನೆಗೆ ಮುರಿಯುತ್ತದೆ. ಒಂದೆರಡಾದರೆ ಬದಲಿಸಬಹುದು. ಸಾಲಿನಲ್ಲಿ ಅರ್ಧದಷ್ಟು ಹೀಗಿದ್ದರೆ, ಪಟ್ಟಿ ಮೇಲೆ ಯಾರ ಹೆಸರೇ ಇರಲಿ, ನಾನಂತೂ ಬೇಡ ಅಂತೀನಿ.

ಫೋಟೊದಲ್ಲಿ ಸಿಗದ ಎರಡು ಸಂಗತಿಗೆ ವಿಡಿಯೊ ಬೇಕು. ಮೊದಲನೆಯದು ಗಾಳಿ: ಯಾವ ಕೀಯನ್ನೂ ಒತ್ತದೆ ತಿದಿ ಹಾಕಿಸಿ. ಒಳಗೆ ಗಾಳಿ ತುಂಬಿದ ಮೇಲೆ ತಿದಿ ಕೈಗೆ ಬಿಗಿಯಾಗಿ ಎದುರು ನಿಲ್ಲಬೇಕು. ಸಲೀಸಾಗಿ ಮುಚ್ಚಿಕೊಳ್ಳುತ್ತಲೇ ಇದ್ದರೆ ಎಲ್ಲೋ ಸೋರಿಕೆಯಿದೆ. ಎರಡನೆಯದು ಶ್ರುತಿ: ಒಂದೇ ಸ್ಟಾಪರ್ ತೆರೆಸಿ, ಟ್ಯೂನರ್ ಆ್ಯಪ್ ಪಕ್ಕದಲ್ಲಿಟ್ಟು, ಒಂದೊಂದೇ ಕೀ ನುಡಿಸಲು ಹೇಳಿ. ಎಲ್ಲ ಸ್ವರಗಳೂ ಒಂದೇ ಅಳತೆಯಲ್ಲಿ ಏರಿದ್ದರೆ ಮನೆ ಅಭ್ಯಾಸಕ್ಕೆ ಅಡ್ಡಿಯಿಲ್ಲ, ಎಲೆಕ್ಟ್ರಾನಿಕ್ ತಂಬೂರಿಯನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು, ಆದರೆ ಕೊಳಲಿನ ಜೊತೆ ಕೂತಾಗ ತೊಡಕಾಗುತ್ತದೆ. ಒಂದು ಮೇಲೆ, ಇನ್ನೊಂದು ಕೆಳಗೆ ಎಂದು ಚದುರಿದ್ದರೆ ಪೂರ್ತಿ ಶ್ರುತಿ ಮಾಡಿಸುವ ಖರ್ಚನ್ನು ರಿಪೇರಿಯವರಲ್ಲಿ ಕೇಳಿ, ಅಷ್ಟನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.