ಕಾಫಿ ಖರೀದಿಯ ಟೇಬಲ್ ಒಪ್ಪುವ ಮುಂಚೆ ಈ ನಾಲ್ಕು ಸಾಲು ಹಾಕಿ ನೋಡಿ

ಪ್ರಶ್ನೆ: ಸಕಲೇಶಪುರದಲ್ಲಿ ನಮ್ಮದು ಕಾಫಿ ಖರೀದಿ ಅಂಗಡಿ. ಲೆಕ್ಕದ ಸಾಫ್ಟ್‌ವೇರ್‌ಗೆ ಹೊಸ ಟೇಬಲ್ ಡಿಸೈನ್ ಮಾಡಿಸಿದ್ದೀವಿ. ಅಂಕಿ ಎಲ್ಲ ಕಾಲಂ ಮಧ್ಯದಲ್ಲಿವೆ, ಸಾಲು ಬಿಟ್ಟು ಸಾಲಿಗೆ ಬಣ್ಣ ಇದೆ, ಹೆಡರ್ ಒತ್ತಿದರೆ ಸಾರ್ಟ್ ಆಗುತ್ತೆ. ನೋಡೋಕೆ ಚೆನ್ನಾಗಿದೆ. ಸರಿ ಇದೆಯಾ ಅಂತ ಪರೀಕ್ಷೆ ಮಾಡೋದು ಹೇಗೆ?

ಮೊದಲು ಡಿಸೈನರ್ ತುಂಬಿಸಿಟ್ಟ ಮಾದರಿ ಅಂಕಿಗಳನ್ನು ತೆಗೆದುಬಿಡಿ. ಮಾದರಿಯಲ್ಲಿ ಸಾಮಾನ್ಯವಾಗಿ 45,000, 52,000, 61,000 ಅಂತ ಒಂದೇ ಅಳತೆಯ ಮೊತ್ತಗಳಿರುತ್ತವೆ. ಅಂಥ ಅಂಕಿ ಹಾಕಿದರೆ ಎಂಥ ಟೇಬಲ್ ಆದರೂ ಚೆನ್ನಾಗಿಯೇ ಕಾಣುತ್ತದೆ. ನಾನು ಚಿಕ್ಕಮಗಳೂರಿನಲ್ಲಿ ಕಾಫಿ ವ್ಯಾಪಾರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಯಾವ ಟೇಬಲ್ ಬಂದರೂ ಬಾಕಿ ಕಾಲಂಗೆ ಇಂಥ ನಾಲ್ಕು ಸಾಲು ಹಾಕಿಯೇ ಶುರು ಮಾಡುತ್ತೇನೆ:

```
28-12-2024      98,500
03-01-2025    1,02,340
11-01-2025    9,875.50
06-02-2025   12,06,000
```

ಎರಡನೇ ಮತ್ತು ಮೂರನೇ ಸಾಲು ನೋಡಿ. ಒಂದು ಲಕ್ಷಕ್ಕೂ ಮೇಲೆ, ಇನ್ನೊಂದು ಹತ್ತು ಸಾವಿರವೂ ಇಲ್ಲ. ಆದರೆ ಎರಡರ ಉದ್ದ ಒಂದೇ! ಒಂದರಲ್ಲಿ ಅಲ್ಪವಿರಾಮ ಜಾಸ್ತಿ, ಇನ್ನೊಂದರಲ್ಲಿ ಪೈಸೆ ಇದೆ, ಅಷ್ಟೇ ವ್ಯತ್ಯಾಸ. ಕಾಲಂನಲ್ಲಿ ಮೇಲಿಂದ ಕೆಳಗೆ ಕಣ್ಣಾಡಿಸುವಾಗ ನಾವು ಪ್ರತಿ ಅಂಕಿಯನ್ನೂ ಓದುವುದಿಲ್ಲ. ಯಾವುದು ಎಡಕ್ಕೆ ಜಾಸ್ತಿ ಚಾಚಿದೆ ಅಂತ ನೋಡಿ ದೊಡ್ಡದು ಯಾವುದು ಅಂತ ತೀರ್ಮಾನ ಮಾಡುತ್ತೇವೆ. ಬಿಡಿ ಸ್ಥಾನದ ಕೆಳಗೆ ಬಿಡಿ, ಸಾವಿರದ ಕೆಳಗೆ ಸಾವಿರ ನಿಂತಿದ್ದರೆ ಮಾತ್ರ ಆ ತೀರ್ಮಾನ ಸರಿಯಾಗುತ್ತದೆ.

ಆದ್ದರಿಂದ ಅಂಕಿಗಳನ್ನು ಮಧ್ಯದಲ್ಲಿಡುವುದನ್ನು ಒಪ್ಪಬೇಡಿ. ಬಲಕ್ಕೆ ಸರಿಸಿ ಅನ್ನಿ. ಅಷ್ಟು ಮಾಡಿದರೂ ಸಾಲದು, ಮೇಲಿನ ನಾಲ್ಕು ಸಾಲು ಬಲಕ್ಕೇ ಇವೆ ಅಲ್ವಾ? ಒಂದು ಕಾಲಂ ಅಂದರೆ ಎಲ್ಲ ಸಾಲಿಗೂ ದಶಮಾಂಶ ಒಂದೇ ಸಮ ಇರಬೇಕು. ಪೈಸೆ ತೋರಿಸುವುದಾದರೆ 98,500 ಅನ್ನು 98,500.00 ಅಂತಲೇ ತೋರಿಸಬೇಕು. ಬೇಡ ಅಂದರೆ ಯಾವ ಸಾಲಿಗೂ ಬೇಡ. ಓಟಿ ಕಾಲಂಗೂ ಇದೇ ಮಾತು. 50 ಕೆ.ಜಿ. ಚೆರ್ರಿಗೆ ಎಷ್ಟು ಕೆ.ಜಿ. ಕ್ಲೀನ್ ಕಾಫಿ ಬಂತು ಅನ್ನುವ ಕಡೆ ಒಂದು ಸಾಲಿನಲ್ಲಿ 28, ಕೆಳಗಿನದರಲ್ಲಿ 26.5 ಇದ್ದರೆ ಬಲಕ್ಕೆ ಜೋಡಿಸಿ ಏನೂ ಉಪಯೋಗವಿಲ್ಲ. 28.0 ಅಂತ ಬರಬೇಕು.

ಇನ್ನೊಂದು ಸಮಸ್ಯೆ ಅಕ್ಷರಶೈಲಿಯದ್ದು. ಕೆಲವು ಫಾಂಟ್‌ಗಳಲ್ಲಿ 1 ಸಣಕಲು, 8 ಅಗಲ. ಟೇಬಲ್‌ನಲ್ಲಿ 1,11,111 ಹಾಕಿ ಅದರ ಕೆಳಗೆ 8,88,888 ಹಾಕಿ. ಅಲ್ಪವಿರಾಮಗಳು ಒಂದರ ಕೆಳಗೆ ಒಂದು ಬರದಿದ್ದರೆ ಈ ನಿಯಮ ಬಿಟ್ಟುಹೋಗಿದೆ ಅಂತ ಅರ್ಥ:

```css
.num {
  text-align: right;
  font-variant-numeric: tabular-nums;
}
```

ಎರಡನೇ ನಿಯಮ ಹಾಕಿದ ಮೇಲೂ ಬದಲಾಗದಿದ್ದರೆ ಆ ಫಾಂಟ್‌ನಲ್ಲಿ ಸಮ ಅಗಲದ ಅಂಕಿಗಳೇ ಇಲ್ಲ. ಆಗ ಫಾಂಟ್ ಬದಲಾಯಿಸಬೇಕು. ಹಾಗಂತ ಅಂಕಿ ಕಂಡಲ್ಲೆಲ್ಲ ಬಲಕ್ಕೆ ತಳ್ಳುವುದೂ ತಪ್ಪು. ಮೊಬೈಲ್ ನಂಬರ್, ಖಾತೆ ನಂಬರ್, ಬಿಲ್ ನಂಬರ್ ಇವನ್ನು ಯಾರೂ ಕೂಡುವುದಿಲ್ಲ, ದೊಡ್ಡದು ಚಿಕ್ಕದು ಅಂತ ಹೋಲಿಸುವುದಿಲ್ಲ. ಅವು ಹೆಸರಿದ್ದ ಹಾಗೆ. ಎಡಕ್ಕೇ ಇರಲಿ.

ಈಗ ಸಾರ್ಟ್ ವಿಚಾರ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ, ಏಕೆಂದರೆ ದುಡ್ಡಿನ ತಪ್ಪು ಆಗುವುದು ಇಲ್ಲೇ. ಬಾಕಿ ಹೆಡರ್ ಒತ್ತಿ, ದೊಡ್ಡ ಮೊತ್ತ ಮೇಲೆ ಬರುವ ಹಾಗೆ ಮಾಡಿ. ಸರಿಯಾದ ಉತ್ತರ ನಮಗೆ ಗೊತ್ತು: 12,06,000, ಆಮೇಲೆ 1,02,340, ಆಮೇಲೆ 98,500, ಕೊನೆಗೆ 9,875.50. ನಿಮ್ಮ ಟೇಬಲ್ ಇದರ ಬದಲು ಹೀಗೆ ತೋರಿಸಿದರೆ:

```
98,500
9,875.50
12,06,000
1,02,340
```

ಅದು ಮೊತ್ತವನ್ನು ಸಂಖ್ಯೆ ಅಂತ ನೋಡುತ್ತಿಲ್ಲ, ಬರೀ ಅಕ್ಷರ ಅಂತ ನೋಡುತ್ತಿದೆ. ಮೊದಲ ಅಕ್ಷರ 9 ಇರುವುದೆಲ್ಲ 1 ಇರುವುದಕ್ಕಿಂತ ದೊಡ್ಡದು ಅನ್ನುವ ಲೆಕ್ಕ. ನೀವು 12 ಲಕ್ಷ ಕೊಡಬೇಕಾದ ಬೆಳೆಗಾರರ ಹೆಸರು ಮೂರನೇ ಸಾಲಿಗೆ ಹೋಯಿತು. ಇನ್ನೂರು ಸಾಲಿನ ಪಟ್ಟಿಯಲ್ಲಿ ಅದು ಎಲ್ಲೋ ಮಧ್ಯದಲ್ಲಿ ಸೇರಿಕೊಂಡು ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲ ಮೊತ್ತವೂ ಐದಂಕಿಯವೇ ಆಗಿದ್ದರೆ ಈ ದೋಷ ಕಾಣಿಸುವುದೇ ಇಲ್ಲ. ಮಾದರಿ ಅಂಕಿ ತೆಗೆಯಿರಿ ಅಂದಿದ್ದು ಇದಕ್ಕೇ.

ಇದನ್ನು ಹೇಳಿದರೆ ಡೆವಲಪರ್ ಒಂದು ನಿಮಿಷದಲ್ಲಿ ಸರಿ ಮಾಡಿದೆ ಅನ್ನಬಹುದು. ಮತ್ತೆ ಅದೇ ನಾಲ್ಕು ಸಾಲು ಹಾಕಿ ನೋಡಿ. ಬರಹವನ್ನು ಸಂಖ್ಯೆ ಮಾಡಲು ಅವರು ಜಾವಾಸ್ಕ್ರಿಪ್ಟ್‌ನ `parseFloat` ಬಳಸಿದ್ದರೆ, ಅದು ಅಲ್ಪವಿರಾಮ ಸಿಕ್ಕಿದ ಕೂಡಲೇ ಓದುವುದನ್ನು ನಿಲ್ಲಿಸುತ್ತದೆ:

```js
parseFloat("12,06,000")  // 12
parseFloat("98,500")     // 98
```

ಆಗ 12 ಲಕ್ಷ ಮೂರರಿಂದ ಎರಡನೇ ಸಾಲಿಗೆ ಬರುತ್ತದೆ, 98,500 ಮೇಲೆಯೇ ಉಳಿಯುತ್ತದೆ. ಏನೋ ಬದಲಾಗಿದೆಯಲ್ಲ, ಸರಿಹೋಯಿತು ಅಂತ ಅನ್ನಿಸಿಬಿಡುತ್ತದೆ. ಸರಿಯಾದ ದಾರಿ ಅಂದರೆ ತೋರಿಸುವ ಬರಹ ಬೇರೆ, ಸಾರ್ಟ್‌ಗೆ ಸಂಖ್ಯೆಯಾಗಿ ಓದುವ ಮೌಲ್ಯ ಬೇರೆ ಇಡುವುದು:

```html
<td class="num" data-value="1206000">12,06,000.00</td>
```

ದಿನಾಂಕಕ್ಕೂ ಹೀಗೇ ಮಾಡಿಸಿ. ನಮ್ಮ ಕಡೆ ಕೊಯ್ಲು ವರ್ಷದ ಕೊನೆಯಲ್ಲಿ ಶುರುವಾಗಿ ಮುಂದಿನ ವರ್ಷಕ್ಕೆ ದಾಟುತ್ತದೆ. ದಿನಾಂಕವನ್ನು ಬರಹದ ಹಾಗೆ ಸಾರ್ಟ್ ಮಾಡಿದರೆ, ಹೊಸದು ಮೊದಲು ಅಂತ ಕೇಳಿದಾಗ 28-12-2024 ಎಲ್ಲಕ್ಕಿಂತ ಮೇಲೆ ಬರುತ್ತದೆ, 06-02-2025 ಮೂರನೇ ಸಾಲಿಗೆ ಇಳಿಯುತ್ತದೆ. ಸಾರ್ಟ್ ಮಾಡುವ ಮೌಲ್ಯವಾಗಿ `2025-02-06` ಅಂತ ವರ್ಷ ಮೊದಲು ಇಟ್ಟರೆ ಈ ತಾಪತ್ರಯ ಇಲ್ಲ. ತೆರೆಯ ಮೇಲೆ ನಮಗೆ ರೂಢಿ ಇರುವ ಹಾಗೇ ಕಾಣಲಿ.

ಟೇಬಲ್‌ನಲ್ಲಿ ಖಾಲಿ ಮನೆಗಳನ್ನೂ ಒಂದೆರಡು ಹಾಕಿ ನೋಡಿ. ಸ್ಯಾಂಪಲ್ ಕೊಟ್ಟಿದ್ದಾರೆ, ಓಟಿ ಇನ್ನೂ ಬಂದಿಲ್ಲ ಅನ್ನುವ ಲಾಟ್ ನಿಮ್ಮಲ್ಲಿ ಇದ್ದೇ ಇರುತ್ತದೆ. ಆ ಖಾಲಿಯನ್ನು ಪ್ರೋಗ್ರಾಂ ಸೊನ್ನೆ ಅಂತ ತಿಳಿದರೆ, ಕಡಿಮೆ ಓಟಿ ಯಾವುದು ಅಂತ ಹುಡುಕಿದಾಗ ಪರೀಕ್ಷೆಯೇ ಆಗದ ಲಾಟ್‌ಗಳು ಮೊದಲು ಬಂದು ಕೂರುತ್ತವೆ. ಏರಿಕೆ ಇರಲಿ ಇಳಿಕೆ ಇರಲಿ, ಖಾಲಿ ಇರುವುದು ಯಾವಾಗಲೂ ಕೊನೆಗೇ ಇರಬೇಕು. ಒಟ್ಟು ಮೊತ್ತದ ಸಾಲು ಮಾತ್ರ ಸಾರ್ಟ್‌ಗೆ ಸಿಗಲೇಬಾರದು, ಅದನ್ನು `tfoot` ಒಳಗೆ ಇಡಬೇಕು.

ಹೆಡರ್‌ನ ಬಾಣದ ಗುರುತನ್ನೂ ಗಮನಿಸಿ. ಬಲಕ್ಕೆ ಜೋಡಿಸಿದ ಕಾಲಂನಲ್ಲಿ ಬಾಣವನ್ನು ಶೀರ್ಷಿಕೆಯ ಬಲಗಡೆ ಇಟ್ಟರೆ 'ಬಾಕಿ' ಅನ್ನುವ ಪದ ಎಡಕ್ಕೆ ಸರಿದು ಅಂಕಿಗಳ ಅಂಚಿಗೆ ಸೇರುವುದಿಲ್ಲ. ಅಂಕಿಯ ಕಾಲಂಗಳಲ್ಲಿ ಬಾಣ ಪದದ ಎಡಗಡೆ ಇರಲಿ. ಜಾಗವನ್ನು ಮೊದಲೇ ಮೀಸಲಿಟ್ಟಿರಬೇಕು, ಇಲ್ಲದಿದ್ದರೆ ಒತ್ತಿದಾಗಲೆಲ್ಲ ಕಾಲಂ ಅಗಲ ಅಲುಗಾಡುತ್ತದೆ. ಮೌಸ್ ಬಿಟ್ಟು ಟ್ಯಾಬ್ ಕೀ ಒತ್ತುತ್ತಾ ಹೋಗಿ. ಹೆಡರ್‌ಗೆ ತಲುಪಿ ಎಂಟರ್ ಒತ್ತಿದರೆ ಸಾರ್ಟ್ ಆಗಬೇಕು. ಆಗಲಿಲ್ಲ ಅಂದರೆ `th` ಒಳಗೆ `button` ಹಾಕಿಲ್ಲ. ಸಾರ್ಟ್ ಆದ ಕಾಲಂನ `th` ಮೇಲೆ `aria-sort` ಕೂಡ ಇರಬೇಕು. ಕಣ್ಣು ಕಾಣದವರಿಗೆ ತೆರೆ ಓದಿ ಹೇಳುವ ಸಾಫ್ಟ್‌ವೇರ್‌ಗೆ ಪಟ್ಟಿ ಯಾವ ಕ್ರಮದಲ್ಲಿದೆ ಅಂತ ತಿಳಿಯುವುದು ಅದರಿಂದ.

ಸಾಲುಗಳ ಬಣ್ಣದ ಬಗ್ಗೆ ಜನ ಜಾಸ್ತಿ ವಾದ ಮಾಡುತ್ತಾರೆ. ನನ್ನ ಪ್ರಕಾರ ಅಂಕಿಯ ಜೋಡಣೆ, ಸಾರ್ಟ್, ಬಣ್ಣ ಈ ಮೂರರಲ್ಲಿ ಬಣ್ಣದ ತೂಕವೇ ಕಡಿಮೆ. 2008ರಲ್ಲಿ ಜೆಸ್ಸಿಕಾ ಎಂಡರ್ಸ್ ಅನ್ನುವವರು ಇದನ್ನು ಜನರ ಮೇಲೆ ಪರೀಕ್ಷೆ ಮಾಡಿ ನೋಡಿದಾಗ ಸಾಲು ಬಣ್ಣದಿಂದ ದೊಡ್ಡ ಲಾಭವೇನೂ ಮೊದಲಿಗೆ ಕಾಣಲಿಲ್ಲ. ಆಮೇಲಿನ ಪರೀಕ್ಷೆಯಲ್ಲಿ ಸಾಲು ಬಿಟ್ಟು ಸಾಲಿಗೆ ಬಣ್ಣ ಇರುವುದನ್ನು ಜನ ಹೆಚ್ಚು ಇಷ್ಟಪಟ್ಟರು. ನಿಮ್ಮ ಟೇಬಲ್‌ನಲ್ಲಿ ಎಡಗಡೆ ಬೆಳೆಗಾರರ ಹೆಸರು, ಬಲಗಡೆ ಬಾಕಿ, ನಡುವೆ ಚೀಲ, ತೂಕ, ತೇವಾಂಶ, ಓಟಿ, ದರ ಎಲ್ಲ ಇವೆ ಅಂದುಕೊಳ್ಳುತ್ತೇನೆ. ಅಷ್ಟು ದೂರ ಕಣ್ಣು ಹೋಗಬೇಕಾದರೆ ಬಣ್ಣ ಇರಲಿ. ಮೂರು ನಾಲ್ಕು ಕಾಲಂ ಇದ್ದಿದ್ದರೆ ಸಣ್ಣ ಗೆರೆ ಸಾಕಾಗುತ್ತಿತ್ತು.

ಆದರೆ ಸಾರ್ಟ್ ಮಾಡಿದ ಮೇಲೆ ಬಣ್ಣ ನೋಡಲೇಬೇಕು. ಒಂದೇ ಬಣ್ಣದ ಎರಡು ಸಾಲು ಅಕ್ಕಪಕ್ಕ ಬಂದರೆ, ಬಣ್ಣವನ್ನು ಆಯಾ ಸಾಲಿಗೇ ಅಂಟಿಸಿದ್ದಾರೆ, ಸಾಲು ಸರಿದಾಗ ಬಣ್ಣವೂ ಜೊತೆಗೆ ಸರಿದಿದೆ. ಬಣ್ಣ ಸಾಲು ನಿಂತ ಜಾಗಕ್ಕೆ ಸೇರಬೇಕು. ಅದಕ್ಕೆ `nth-child` ಇದೆ. ಹುಡುಕಾಟದಲ್ಲಿ ಕೆಲವು ಸಾಲು ಮರೆಯಾದಾಗ ಅದೂ ಎಡವುತ್ತದೆ, ಮರೆಯಾದ ಸಾಲನ್ನೂ ಎಣಿಸುತ್ತದೆ. ಸಾಲುಗಳನ್ನು `hidden` ಹಾಕಿ ಮರೆಮಾಡಿದ್ದರೆ 2023ರಿಂದೀಚಿನ ಬ್ರೌಸರ್‌ಗಳಲ್ಲಿ ಹೀಗೆ ಬರೆದರೆ ಸರಿಯಾಗುತ್ತದೆ:

```css
tbody tr:nth-child(even of :not([hidden])) {
  background: #f3f3f3;
}
```

ಬಣ್ಣದ ಜೊತೆ ಸಾಲಿನ ಕೆಳಗೆ ಒಂದು ತೆಳು ಗೆರೆಯನ್ನೂ ಕೇಳಿ. ಬ್ರೌಸರ್‌ನಿಂದ ಪ್ರಿಂಟ್ ತೆಗೆದಾಗ ಹಿನ್ನೆಲೆ ಬಣ್ಣ ಸಾಮಾನ್ಯವಾಗಿ ಬರುವುದಿಲ್ಲ, ಗೆರೆ ಬರುತ್ತದೆ. ಖರೀದಿ ಪಟ್ಟಿಯನ್ನು ನೀವು ಪ್ರಿಂಟ್ ತೆಗೆದು ಫೈಲ್ ಮಾಡುವವರಾದರೆ ಒಂದು ಪ್ರತಿ ತೆಗೆದೇ ನೋಡಿ. ಜೊತೆಗೆ ಲಕ್ಷ್ಮಣ, ಕೃಷ್ಣಪ್ಪ ಅಂತ ಒತ್ತಕ್ಷರ ಇರುವ ಹೆಸರು ಹಾಕಿ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರ ನೋಡಿ ಗೊತ್ತು ಮಾಡಿದ್ದರೆ ಒತ್ತು ಕೆಳಗಿನ ಗೆರೆಗೆ ತಾಗುತ್ತದೆ. `line-height` 1.6ಕ್ಕೆ ಏರಿಸಿದರೆ ಹೆಚ್ಚಾಗಿ ಬಿಡಿಸಿಕೊಳ್ಳುತ್ತದೆ.

ಕೊನೆಗೆ, ಪಟ್ಟಿ ಪುಟಪುಟವಾಗಿ ಬರುತ್ತದೆಯಾ? ಹಾಗಿದ್ದರೆ 12,06,000ದ ಸಾಲನ್ನು ಎರಡನೇ ಪುಟಕ್ಕೆ ಬರುವ ಹಾಗೆ ಹಾಕಿ, ಮೊದಲ ಪುಟದಲ್ಲಿ ನಿಂತು ಬಾಕಿ ಹೆಡರ್ ಒತ್ತಿ. ಆ ಸಾಲು ಮೊದಲ ಪುಟದ ಮೇಲಕ್ಕೆ ಬರಲಿಲ್ಲ ಅಂದರೆ ಕಣ್ಣೆದುರಿನ ಪುಟ ಮಾತ್ರ ಸಾರ್ಟ್ ಆಗುತ್ತಿದೆ. ಅದನ್ನು ಸರಿ ಮಾಡಬೇಕಾದ್ದು ಡಿಸೈನರ್ ಅಲ್ಲ, ಡೇಟಾಬೇಸ್‌ನಿಂದ ಪಟ್ಟಿ ತರುವ ಕೋಡ್ ಬರೆದವರು. ಉಳಿದ ತಿದ್ದುಪಡಿ ಒಂದು ದಿನ ತಡವಾದರೂ ನಡೆಯುತ್ತದೆ. ಇದೊಂದು ಮತ್ತು ಅಲ್ಪವಿರಾಮದ ಸಾರ್ಟ್ ಸರಿಯಾಗುವವರೆಗೂ ಹಳೆ ಲೆಕ್ಕವನ್ನು ಬಿಡಬೇಡಿ.