ಆಕಿ ಪ್ಯಾರಿಸ್ ಅಂದಾಗ ನೀ ಏನ್ ಅನಬೇಕು

"ಅಕ್ಕಾರ ನಮಸ್ಕಾರ್ರಿ, ನಾ ಗದಗಿನಾಂವ, ಜರ್ಮನಿ ಸ್ಟುಟ್‌ಗಾರ್ಟ್‌ನ್ಯಾಗ ಓದು ಮುಗಿಸಿ ಈಗ ಕೆಲಸಕ್ಕ ಸೇರೀನಿ. ಇಲ್ಲೀ ಹುಡುಗಿ ಒಬ್ಬಾಕಿ ಜೋಡಿ ನಾಕೈದ ಸಲ ಭೆಟ್ಟಿ ಆಗೇತಿ, ಪ್ರತಿ ಸಲಾ ಬಿಲ್ ನಾನ ಕೊಟ್ಟೀನಿ. ಈಗ ಆಕಿ ವೀಕೆಂಡಿಗೆ ಪ್ಯಾರಿಸ್‌ಗೆ ಹೋಗೂಣು ಅನ್ನಾಕತ್ತಾಳ, ಮುಂದಿನ ತಿಂಗಳ ಆಕಿ ಬರ್ತ್‌ಡೇನೂ ಐತಿ. ನಂದು ಎಜುಕೇಶನ್ ಲೋನ್ ಐತಿ, ಮನಿಗೂ ಕಳಸಬೇಕು. ರೊಕ್ಕದ ಮಾತು ತಗದ್ರ ಜುಗ್ಗ ಅಂತಾಳೇನೋ, ಇಲ್ಲಾ ಆಕಿ ಪಗಾರದ ಮ್ಯಾಲ ಕಣ್ಣಿಟ್ಟೀನಿ ಅನ್ಕೊಂತಾಳೇನೋ. ಹೆಂಗ ಹೇಳೂದ್ರಿ?"

ತಮ್ಮಾ, ಆಕಿ ಮುಂದ ಬಾಯಿ ತಗಿಯೂಕಿಂತ ಮೊದಲ ನೀ ಒಂದ ಸಂಜಿ ಒಬ್ಬನ ಕುಂತು ಒಂದ ಅಂಕಿ ತಗೀಬೇಕು. ತಿಂಗಳಿಗೆ ತಿರಗಾಡಾಕ, ಹೊರಗ ಉಣ್ಣಾಕ ನಿನ್ನ ಕೈಯಾಗ ಖರೇನ ಎಷ್ಟ ಉಳೀತೈತಿ ಅನ್ನೂದು. ಈ ಅಂಕಿ ಇಲ್ಲದ ಮಾತಾಡಿದ್ರ "ಅದೂ ಏನಂದ್ರ, ನಂಗ ಸ್ವಲ್ಪ ಟೈಟ್ ಐತಿ" ಅಂತ ತೊದಲತೀ, ಆವಾಗ ಕೇಳಿದಾಕಿಗೆ ಇಂವಗ ರೊಕ್ಕ ಇಲ್ಲೋ, ನನ್ನ ಜೋಡಿ ಬರೂ ಮನಸ್ ಇಲ್ಲೋ ತಿಳಿಯಂಗಿಲ್ಲ.

ನಿನ್ನ ಲೆಕ್ಕ ನಂಗ ಗೊತ್ತಿಲ್ಲ, ಇಲ್ಲಿಗೆ ಹೊಸದಾಗಿ ಕೆಲಸಕ್ಕ ಸೇರಿದವ್ರದು ಇರೂ ಹಂಗ ಒಂದ ಹಿಡಿಯೂಣು. ತಿಂಗಳಿಗೆ 4,000 ಯೂರೋ ಪಗಾರ ಇದ್ರ ಒಂಟಿ ಮನಷ್ಯಾಗ ಟ್ಯಾಕ್ಸು ಇನ್ಶೂರೆನ್ಸು ಪೆನ್ಶನ್ ಎಲ್ಲಾ ಹೋಗಿ ಕೈಗೆ 2,600ರ ಆಸುಪಾಸು ಬರತೈತಿ. ಬಾಡಿಗಿ 900 ಅನ್ಕೋ. 25 ಲಕ್ಷದ ಲೋನು 10 ವರ್ಷಕ್ಕ ಹತ್ತೂವರಿ ಪರ್ಸೆಂಟಿನಾಗ ತಗೊಂಡಿದ್ರ ಕಂತು ಹತ್ರಹತ್ರ 34 ಸಾವಿರ ರೂಪಾಯಿ, ಅಂದ್ರ 340 ಯೂರೋ ಹಿಡಿ. ಮನಿಗೆ 250. ಸಂತಿ ಕಿರಾಣಿ 300, ಟ್ರೇನ್ ಪಾಸು ಫೋನು ರೇಡಿಯೋ ಫೀ ಅದೂ ಇದೂ 130, ಊರಿಗೆ ಬರೂ ವಿಮಾನದ ಟಿಕೆಟ್ಟು ಮತ್ತ ಕಷ್ಟಕಾಲಕ್ಕ ಅಂತ 400 ತಗದಿಟ್ರ ಉಳಿಯೂದು 280. ಇದ್ರಾಗ ಅರಿವಿ, ಕ್ಷೌರ, ಗೆಳೆಯಾರ ಜೋಡಿ ಹೋಗೂದು ಬಿಟ್ರ ಆಕಿ ಜೋಡಿ ತಿರಗಾಡಾಕ 150. ಈಗ ನೋಡು, ಇಲ್ಲಿ ಇಬ್ರು ಕುಂತು ಒಂದ ಸಾದಾ ರೆಸ್ಟೋರೆಂಟಿನಾಗ ಉಂಡು ಟಿಪ್ಸ್ ಕೊಟ್ರ 55-60 ಯೂರೋ ಸಹಜ, ಅಂದ್ರ ನೀ ಪ್ರತಿ ಸಲಾ ಇಬ್ಬರದೂ ಕೊಟ್ರ ಎರಡೂವರಿ ಊಟಕ್ಕ ತಿಂಗಳ ಮುಗೀತು. ನಿನ್ನ ಸಂಕಟ ಶುರು ಆಗಿದ್ದು ಪ್ಯಾರಿಸ್‌ದಾಗ ಅಲ್ಲ, ಇಲ್ಲಿ.

ಇದನ್ನೆಲ್ಲಾ ಆಕಿಗೆ ಹೇಳೂದಲ್ಲ ಮತ್ತ. ಪಗಾರ ಹೇಳಬ್ಯಾಡ, ಆಕಿದು ಕೇಳಲೂ ಬ್ಯಾಡ. ಇಲ್ಲಿ ಎಷ್ಟೋ ವರ್ಷದ ಗೆಳೆಯಾರಿಗೂ ಒಬ್ಬರ ಪಗಾರ ಒಬ್ಬರಿಗೆ ಗೊತ್ತಿರಂಗಿಲ್ಲ, ಐದನೇ ಭೆಟ್ಟಿಗೆ ಅದನ್ನ ಕೇಳಿದ್ರ ಆಕಿ ಖಂಡಿತ ಹಿಂದ ಸರೀತಾಳ. ಆದ್ರ "ತಿರಗಾಡಾಕ ತಿಂಗಳಿಗೆ ಇಷ್ಟ ಇಟ್ಟಿರತೀನಿ" ಅನ್ನೂದು ಪಗಾರದ ಮಾತಲ್ಲ, ನಿನ್ನ ರೂಢಿ ಮಾತು. ಲಕ್ಷ ದುಡಿಯಾಂವನೂ ಅನಬಹುದು, ಸ್ಟೂಡೆಂಟೂ ಅನಬಹುದು. ಇದ್ರಾಗ ನೀ ಆಕಿ ಕಡೆ ಏನೂ ಬೇಡಾಕತ್ತಿಲ್ಲ, ಆಕಿ ರೊಕ್ಕದ ಬಗ್ಗೆ ಒಂದ ಶಬ್ದ ಕೇಳಾಕತ್ತಿಲ್ಲ. ಕೇಳಿದವ್ರಿಗೆ ಕೆಟ್ಟ ಅನಸೂದು ತಮ್ಮ ಕಿಸೆಕ್ಕ ಯಾರರ ಕೈ ಹಾಕಾಕ ಬಂದಾಗ, ನಿನ್ನ ಕಿಸೆದ ಅಳತಿ ನೀ ಹೇಳಿಕೊಂಡ್ರ ಯಾರಿಗೂ ತ್ರಾಸಿಲ್ಲ.

ಮೊದಲ ಬಿಲ್ಲಿನ ಮಾತು. ನಮ್ಮ ಹುಬ್ಬಳ್ಳಿ ದುರ್ಗದಬೈಲಿನಾಗ ಗಿರಮಿಟ್ ಮಿರ್ಚಿ ತಿಂದು ನಾ ಕೊಡತೀನಿ ನೀ ಕೊಡತೀ ಅಂತ ಕೈ ಹಿಡಕೊಂಡು ಜಗಳಾಡತೀವಲ್ಲ, ಅಲ್ಲಿ ಎಲ್ಲಾರಿಗೂ ಗೊತ್ತಿರತೈತಿ ನಾಳಿ ಇನ್ನೊಬ್ಬಾಂವ ಕೊಡತಾನ ಅಂತ. ಇಲ್ಲಿ ಆ ಗೊತ್ತಿರೂದು ಇಲ್ಲ. ವೇಟರ್ ಬಂದು ಬಿಲ್ ಕೂಡೇ ಮಾಡ್ಲೋ ಬ್ಯಾರೆಬ್ಯಾರೆ ಮಾಡ್ಲೋ ಅಂತ ನೇರ ಕೇಳತಾನ, ಬ್ಯಾರೆಬ್ಯಾರೆ ಅನ್ನೂದು ಇಲ್ಲಿ ಅವಮಾನ ಅಲ್ಲ, ಹೊಸದಾಗಿ ಭೆಟ್ಟಿ ಆಗೂವ್ರೊಳಗ ಭಾಳ ಮಂದಿ ಹಂಗ ಮಾಡತಾರ. ಮತ್ತ ನೀ ಪ್ರತಿ ಸಲಾ ಗಪ್ಪನ ಕಾರ್ಡ್ ತಗದ್ರ ಆಕಿಗೆ ಎರಡರಾಗ ಒಂದ ಅನಸತೈತಿ. ಇಂವಗ ರೊಕ್ಕದ ಚಿಂತಿ ಇಲ್ಲ ಅಂತ ತಿಳಕೊಂಡ್ರ ಮುಂದಿನ ಪ್ಲಾನ್ ದೊಡ್ಡದ ಬರತೈತಿ, ನಿಂಗ ಪ್ಯಾರಿಸ್ ಬಂದಿದ್ದೂ ಹಂಗ ಇರಬಹುದು ಅಂತ ನಂಗ ಅನಸತೈತಿ. ಇಲ್ಲಾಂದ್ರ, ಇಂವ ಕೊಡಾಕತ್ತಾನ, ನಾಳಿ ಇದ್ರ ಬದ್ಲಿ ಏನರ ಬಯಸತಾನೋ ಏನೋ ಅಂತ ಆಕಿಗೆ ಒಳಗ ಭಾರ ಆಗತೈತಿ. ಹೆಣ್ಣಾಗಿ ಹೇಳತೀನಿ, ಈ ಎರಡನೇದು ನೀವು ಗಂಡಹುಡುಗೂರು ತಿಳಕೊಂಡಿದ್ದಕ್ಕಿಂತ ಭಾಳ ಸಲ ಇರತೈತಿ. ನನ್ನ ಗೆಳತ್ಯಾರೊಳಗ ಒಬ್ಬಾಕಿ ಒಳ್ಳೇ ಹುಡುಗನ್ನ ಬಿಟ್ಟಿದ್ದ ಇದಕ್ಕ, ಅಂವ ಒಂದ ಕಾಫಿ ಬಿಲ್ಲರ ಆಕಿಗೆ ಬಿಟ್ಟಿದ್ರ ನಡೀತಿತ್ತು.

ಇದನ್ನ ತಿರುಗಿಸೂದು ಬಿಲ್ ಟೇಬಲ್ ಮ್ಯಾಲ ಬಂದಾಗ ಅಲ್ಲ. ಆ ಹೊತ್ತಿನ್ಯಾಗ ಏನ್ ಅಂದ್ರೂ ಒಗರ ಆಗತೈತಿ, ವೇಟರ್ ಬ್ಯಾರೆ ನಿಂತಿರತಾನ. ಭೆಟ್ಟಿ ಗೊತ್ತ ಮಾಡೂ ಮುಂದನ ಮೆಸೇಜಿನ್ಯಾಗ ಹಾಕು, "ಈ ಸಲ ನೀ ಕಾಫಿ ಕುಡಸು, ಮುಂದಿನ ಸಲ ನಮ್ಮ ಮನ್ಯಾಗ ನಾ ಅಡಗಿ ಮಾಡತೀನಿ, ರೊಟ್ಟಿ ಎಣಗಾಯಿ ಉಣ್ಣೀಯಂತ". ಆಕಿಗೂ ಕೊಡಾಕ ಒಂದ ಜಾಗ ಸಿಗತೈತಿ, ಎರಡೂ ಕಡೆ ಹಗರ ಆಗತೈತಿ. ಒಂದ ನೆನಪಿಡು, ಇಲ್ಲಿ ನೀ "ನಿನ್ನ ಊಟಕ್ಕ ಕರೀತೀನಿ" ಅಂದ್ರ ಕೊಡೂದು ನೀನ ಅಂತ ತಿಳಕೊಂತಾರ, ಅದಕ್ಕ ಕೊಡೂ ಮನಸ್ ಇದ್ದಾಗ ಅಷ್ಟ ಆ ಮಾತ ಆಡು, ಇಲ್ಲಾಂದ್ರ "ಹೋಗೂಣೇನು" ಅಂತ ಅನ್ನು ಸಾಕು. ಆಕಿ ಎರಡ ಯೂರೋದ ಕಾಫಿ ಕೊಟ್ಳು, ನಾ 30ರ ಊಟ ಕೊಟ್ಟೆ ಅಂತ ಪಟ್ಟಿ ಬರಿಯಾಕ ಮಾತ್ರ ಹೋಗಬ್ಯಾಡ, ಹಂಗ ಅನಸಾಕ ಶುರುವಾದ್ರ ಬ್ಯಾರೆಬ್ಯಾರೆ ಬಿಲ್ಲಿಗೆ ಬಂದ್ಬಿಡು, ಅದ ಸ್ವಚ್ಛ.

ಇನ್ನ ಪ್ಯಾರಿಸ್. ಸ್ಟುಟ್‌ಗಾರ್ಟಿನಿಂದ ನೇರ ಟಿಜಿವಿ ಟ್ರೇನು ಐತಿ, ಮೂರ ತಾಸಿನ ಮ್ಯಾಲ ಸ್ವಲ್ಪ, ಅದಕ್ಕ ಇಲ್ಲಿಯವ್ರಿಗೆ ಪ್ಯಾರಿಸ್ ಅನ್ನೂದು ನಮಗ ಗೋವಾ ಇದ್ದಂಗ. ಆಕಿ ನಿನ್ನ ಪರೀಕ್ಷಾ ಮಾಡಾಕ ಕೇಳ್ಯಾಳ ಅಂತ ತಿಳೀಬ್ಯಾಡ. ಆದ್ರ ಟ್ರೇನಿಗೆ ಹೋಗಿ ಬರಾಕ 100, ಎರಡ ರಾತ್ರಿ ಹೋಟೆಲ್ಲಿನ್ಯಾಗ ನಿನ್ನ ಪಾಲು 140, ಊಟ ಮೆಟ್ರೋ ಮ್ಯೂಸಿಯಂ 100 ಅಂದ್ರೂ ನಿನ್ನೊಬ್ಬಂದ 340 ಆತು, ಎರಡ ತಿಂಗಳದ ಪಾಲಿಗಿಂತ ಜಾಸ್ತಿ. ಇಬ್ಬರದೂ ನೀನ ಕೊಡತೀ ಅಂದ್ರ ಲೆಕ್ಕಾನ ಬ್ಯಾಡ.

ಹೇಳೂ ಮಾತಿನ್ಯಾಗ ಮೂರ ಇರಬೇಕು, ಮೂರೂ ಒಂದ ಉಸರಿನ್ಯಾಗ. ನಂಗೂ ಬರೂ ಮನಸ್ ಐತಿ, ನನ್ನ ಅಳತಿ ಇಷ್ಟ, ಅದ್ರ ಬದ್ಲಿ ಇದು. ಹಿಂಗ ನೋಡು: "ನಿನ್ನ ಜೋಡಿ ಪ್ಯಾರಿಸ್ ನೋಡಬೇಕು ಅಂತ ನಂಗೂ ಭಾಳ ಐತಿ. ತಿರಗಾಡಾಕ ನಾ ತಿಂಗಳಿಗೆ 150 ಇಟ್ಟಿರತೀನಿ, ಅದ್ರಾಗ ಪ್ಯಾರಿಸ್ ಕೂಡಂಗಿಲ್ಲ. ಈ ಸಲ ಒಂದ ದಿನ ಬೋಡೆನ್‌ಸೇ ಸರೋವರಕ್ಕ ಹೋಗಿ ಬರೂಣು, ಪ್ಯಾರಿಸ್ ಮೂರ ತಿಂಗಳ ಬಿಟ್ಟು ಇಡೂಣು, ನಾ ಈಗಿಂದ ರೊಕ್ಕ ತಗದಿಡತೀನಿ, ಟಿಕೆಟ್ಟೂ ಮೊದಲ ತಗೊಂಡ್ರ ಸೋವಿ ಸಿಗತಾವು." ಬೋಡೆನ್‌ಸೇ ಯಾಕಂದ್ರ ಡಾಯ್ಚ್‌ಲಾಂಡ್ ಟಿಕೆಟ್ಟಿನ ಮ್ಯಾಲ ರೀಜನಲ್ ಟ್ರೇನಿನ್ಯಾಗ ಹೋಗಬಹುದು, 2026ರ ಜನವರಿಯಿಂದ ಅದು ತಿಂಗಳಿಗೆ 63 ಯೂರೋ, ನಿನ್ನ ಕಡೆ ಹೆಂಗೂ ಇರತೈತಿ. ಐಸಿಇ ಅನ್ನೂ ಫಾಸ್ಟ್ ಟ್ರೇನ್ ಹತ್ತಬ್ಯಾಡ ಮತ್ತ, ಆ ಟಿಕೆಟ್ಟು ಅದ್ರಾಗ ನಡಿಯಂಗಿಲ್ಲ. ಈ ಮೂರರಾಗ ನಡುವಿಂದ ಒಂದ ಹೇಳಿದ್ರ ಅಳೂದು ಆಗತೈತಿ, ಮೊದಲಿಂದ ಬಿಟ್ರ ಒಲ್ಲೆ ಅಂದಂಗ ಆಗತೈತಿ, ಕಡೀದ ಬಿಟ್ರ "ಹಂಗಾರ ನಿಂದ ನಾ ಕೊಡಲೇನು" ಅಂತ ಆಕಿ ಅನ್ನೂ ಹಂಗ ನೀನ ದಾರಿ ಮಾಡಿಕೊಟ್ಟಂಗ. ಆಕಿ ಹಂಗ ಅಂದಳು ಅಂತ ಇಟಗೋ, ಇಷ್ಟ ಲಗೂ ಬ್ಯಾಡ ಅನ್ನು, ನಗ್ತಾ ಅನ್ನು. ಮತ್ತ ಇದನ್ನ ಬುಕ್ಕಿಂಗ್ ಆಗೂಕಿಂತ ಮೊದಲ ಹೇಳು, ಇದೇ ವಾರ, ಎದುರಾಎದುರು ಕುಂತ ಅಲ್ಲ, ಅಡ್ಡಾಡಕೋಂತ. ಬುಕ್ ಆದ ಮ್ಯಾಲ ಹಿಂದ ಸರದ್ರ ಆಕಿದೂ ರೊಕ್ಕ ಹೋತು, ಆವಾಗ ಸಿಟ್ಟಾದ್ರ ತಪ್ಪ ಆಕಿದಲ್ಲ.

ಆಕಿ ಏನ್ ಮಾಡತಾಳ ನೋಡು. ಹಾಂ ಅಂದು ಬೋಡೆನ್‌ಸೇದು ಟ್ರೇನ್ ಹುಡುಕಾಕ ಶುರು ಮಾಡಿದ್ರ ಮಾತ ಅಲ್ಲಿಗೆ ಮುಗೀತು. ಸ್ವಲ್ಪ ಸಪ್ಪಗಾದ್ರ ಗಾಬರಿ ಆಗಬ್ಯಾಡ, ಪ್ಯಾರಿಸ್ ಅಂತ ಮನಸ್ಸಿನ್ಯಾಗ ಇಟಗೊಂಡಾಕಿ ಒಂದ ದಿನ ಸಪ್ಪಗಾಗೂದು ಸಹಜ. ನೋಡೂದು ಮುಂದಿನ ಎರಡ ಪ್ಲಾನಿನ್ಯಾಗ. ನೀ ಅಂಕಿ ಹೇಳಿದ ಮ್ಯಾಲೂ ಅದನ್ನ ಕೇಳೇ ಇಲ್ಲ ಅನ್ನೂ ಹಂಗ ಮತ್ತ ದೊಡ್ಡದ ಹಾಕಿದ್ಳು, ಇಲ್ಲಾ ಗೆಳತ್ಯಾರ ಮುಂದ ನಿನ್ನ 150ರ ಮಾತ ನಗಿಗೆ ತಗದಳು ಅಂದ್ರ ಅದು ರೊಕ್ಕದ ತಕರಾರಲ್ಲ, ನಿನ್ನ ಮಾತಿಗೆ ಕಿಮ್ಮತ್ತಿಲ್ಲ. ನಾ ಆದ್ರ ಅಲ್ಲೇ ನಿಲ್ಲಸ್ತಿದ್ದೆ.

ಲೋನು ಮತ್ತ ಮನಿಗೆ ಕಳಸೂದು ಇವತ್ತ ಬ್ಯಾಡ. ಆದ್ರ ಇಬ್ರೂ ಒಬ್ಬರಿಗೊಬ್ರು ಅಂತ ಒಪಗೊಂಡ್ರಿ ಅಂದ ಮ್ಯಾಲ ತಡಾನೂ ಮಾಡಬ್ಯಾಡ, ಯಾಕಂದ್ರ ಇವೆರಡೂ ಹತ್ತ ವರ್ಷದ ಮಾತು, ಆಕಿ ಬ್ಯಾರೆ ಯಾರಿಂದೋ ಕೇಳಿದ್ರ ಮುಚ್ಚಿಟ್ಟಂಗ ಆಗತೈತಿ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕಾಗತೈತಿ ತಮ್ಮಾ. ಆಕಿ ಬಾಫ್ಯೋಗ್ ತಗೊಂಡು ಓದಿದಾಕಿ ಇದ್ರ, ಸರಕಾರ ಕೊಡೂ ಆ ರೊಕ್ಕದಾಗ ಸಾಮಾನ್ಯವಾಗಿ ಅರ್ಧ ಪುಗಸಟ್ಟೆ, ಉಳಿದ ಅರ್ಧಕ್ಕ ಬಡ್ಡಿ ಇಲ್ಲ, ಎಷ್ಟ ತಗೊಂಡಿದ್ರೂ 10,010 ಯೂರೋಕ್ಕಿಂತ ಜಾಸ್ತಿ ತಿರುಗಿ ಕೊಡೂದಿಲ್ಲ. ಆಕಿಗೆ ಓದಿನ ಸಾಲ ಅಂದ್ರ ಅಷ್ಟ. ನಿಂದು ಹತ್ತ ಪರ್ಸೆಂಟ್ ಬಡ್ಡಿ, ಅದೂ ಭಾಳ ಮಂದಿದು ಅಪ್ಪನ ಮನಿ ಬ್ಯಾಂಕಿನ್ಯಾಗ ಅಡವ ಇಟ್ಟು ತಗೊಂಡಿದ್ದು, ಕಂತು ತಪ್ಪಿದ್ರ ನೋಟಿಸ್ ಹೋಗೂದು ಅಪ್ಪಗ. ಇದನ್ನ ಹೇಳದ ಆಕಿಗೆ ತಿಳಿಯಂಗಿಲ್ಲ. ಮನಿಗೆ ಕಳಸೂದೂ ಹಂಗ, ಇಲ್ಲಿ ಮುದುಕರಿಗೆ ಪೆನ್ಶನ್ ಬರತೈತಿ, ಮಗಾ ತಿಂಗಳಾ ಕಳಸೂದು ಆಕಿ ಕಂಡಿರಲಿಕ್ಕಿಲ್ಲ, ಯಾರೋ ನಿನ್ನಿಂದ ಕಸಗೊಳ್ಳಾಕತ್ತಾರ ಅಂತ ನಿನ್ನ ಸಲುವಾಗಿ ಸಂಕಟ ಪಡಬಹುದು. ಅಪ್ಪಗ ಪೆನ್ಶನ್ ಇಲ್ಲ, ತಂಗಿ ಓದಾಕತ್ತಾಳ, ಇಷ್ಟ ಕಳಸತೀನಿ, ಇಲ್ಲೀತನಕ ಕಳಸತೀನಿ ಅಂತ ಹೇಳು. ಎಷ್ಟು, ಯಾಕ, ಎಲ್ಲೀತನಕ, ಅಷ್ಟ. ಇದು ನಾ ಮೊದಲ ನಿರ್ಧಾರ ಮಾಡಿದ್ದು ಅನ್ನೂದೂ ಗೊತ್ತಾಗೂ ಹಂಗ ಹೇಳು, ಕಳಸಲೋ ಬ್ಯಾಡೋ ಅಂತ ಆಕಿಗೆ ಕೇಳಿದಂಗ ಹೇಳಿದ್ರ ನಾಳಿ ಆಕಿ ಬ್ಯಾಡ ಅಂದಾಗ ನಡುವ ಸಿಕ್ಕೊಂತೀ.

ಬರ್ತ್‌ಡೇ ದಿನ ಮತ್ತ ಕಾರ್ಡ್ ತಗದು ಓಡಬ್ಯಾಡ. ಇಲ್ಲಿ ಹುಟ್ಟಿದ ದಿನದವ್ರ ಕೇಕ್ ತರೂದು, ಅವ್ರ ಕರದು ಉಣಸೂದು ರೂಢಿ, ಆಕಿ ಕೊಡಾಕ ಬಂದ್ರ ಕೊಡಾಕ ಬಿಡು. ಗಿಫ್ಟಿಗೆ 25-30 ಯೂರೋ ಭಾಳ ಆತು, ಊರಿಂದ ಯಾರರ ಬರಾಕತ್ತಿದ್ರ ಬೆಟಗೇರಿ ಕೈಮಗ್ಗದ್ದು ಏನರ ಒಂದ ತರಸು. ಹೇಳಿದ ಮ್ಯಾಲ ಆಕಿ ಏನಂದ್ಳು ನಂಗ ಬರಿ.